ಹಾರುವ ಬಿಳಿ ನೊಣ, ಹಾರದ ಮರಿಹುಳು

“ಹಳದಿ ಅಂಟುಹಾಳೆ ಕಟ್ಟಿದ್ದೇನೆ, ತುಂಬಾ ನೊಣ ಅಂಟಿಕೊಂಡಿವೆ. ಸೋಪಿನ ನೀರನ್ನೂ ಎರಡು ಸಲ ಹೊಡೆದೆ. ಆದರೂ ಬದನೆ, ಬೆಂಡೆ ಗಿಡ ಮುಟ್ಟಿದರೆ ಸಾಕು, ಎಲೆಯಡಿಯಿಂದ ಮತ್ತೆ ಹಿಂಡು ಹಿಂಡಾಗಿ ಏಳುತ್ತವೆ. ಯಾಕೆ ಕಡಿಮೆಯಾಗುತ್ತಿಲ್ಲ?”

ಹಾಳೆಗೆ ಅಂಟಿರುವುದು ರೆಕ್ಕೆ ಬಂದವು ಮಾತ್ರ. ರೆಕ್ಕೆ ಬಾರದ ಮರಿಗಳು ಅವುಗಳಿಗಿಂತ ಎಷ್ಟೋ ಪಾಲು ಹೆಚ್ಚಿನ ಸಂಖ್ಯೆಯಲ್ಲಿ ಎಲೆಯಡಿ ಕುಳಿತು ರಸ ಹೀರುತ್ತಿವೆ. ಅವು ಹಾಳೆಯ ಕಡೆಗೆ ಎಂದೂ ಬರುವುದಿಲ್ಲ. ಸೋಪಿನ ನೀರು ಅವುಗಳನ್ನು ಕೊಲ್ಲಬಲ್ಲದು, ಆದರೆ ಅವುಗಳ ಮೈಯನ್ನು ತೋಯಿಸಿದರೆ ಮಾತ್ರ. ನನಗೆ ಗಿಡ ತೋರಿಸಿದವರಲ್ಲಿ ಹೆಚ್ಚಿನವರ ಸೋಪು ಎಲೆಯ ಮೇಲ್ಭಾಗದಲ್ಲೇ ಒಣಗಿಹೋಗಿತ್ತು.

ಈಗಲೇ ಹೋಗಿ ಒಂದು ಬದನೆ ಗಿಡದ ಮುಂದೆ ಕುಳಿತುಕೊಳ್ಳಿ. ತುದಿಯ ಎಳೆ ಎಲೆಯನ್ನು ಮೆಲ್ಲಗೆ ತಿರುಗಿಸಿದರೆ ಬಿಳಿ ಹಿಟ್ಟು ಮೆತ್ತಿದಂಥ, ಸುಮಾರು ಒಂದು ಮಿಲಿಮೀಟರ್ ಉದ್ದದ ನೊಣಗಳು ಕಾಣುತ್ತವೆ. ಮೊಟ್ಟೆ ಇಡಲು ಅವು ಎಳೆ ಎಲೆಯನ್ನೇ ಆರಿಸಿಕೊಳ್ಳುತ್ತವೆ. ಇನ್ನು ಕೆಳಗಿನ ಬಲಿತ ಎಲೆಯೊಂದನ್ನು ತಿರುಗಿಸಿ ಭೂತಗನ್ನಡಿ ಹಿಡಿಯಿರಿ. ನರಗಳ ಅಕ್ಕಪಕ್ಕದಲ್ಲಿ ಚಪ್ಪಟೆಯಾದ, ಮೊಟ್ಟೆಯಾಕಾರದ, ತಿಳಿ ಹಳದಿ ಚುಕ್ಕೆಗಳು ಅಂಟಿಕೊಂಡಿರುತ್ತವೆ. ಉಗುರು ತಾಗಿಸಿದರೂ ಕದಲುವುದಿಲ್ಲ. ಇವೇ ಮರಿಹುಳುಗಳು. ಮೊಟ್ಟೆಯಿಂದ ಹೊರಬಂದ ಮರಿ ಕೆಲವು ಗಂಟೆ ಅತ್ತಿತ್ತ ತೆವಳಿ, ಒಂದು ಜಾಗ ಹಿಡಿದು ಸೂಜಿಯಂಥ ಬಾಯಿಯನ್ನು ಎಲೆಯೊಳಗೆ ಇಳಿಸುತ್ತದೆ. ಅಲ್ಲಿಂದಾಚೆಗೆ ರೆಕ್ಕೆ ಬರುವವರೆಗೂ ಆ ಜಾಗವನ್ನು ಬಿಡುವುದಿಲ್ಲ. ಗಿಡ ಬೆಳೆದಂತೆ ಎಳೆ ಎಲೆ ಬಲಿಯುತ್ತದೆ, ಅದರಡಿಯ ಮೊಟ್ಟೆಗಳು ಮರಿಗಳಾಗುತ್ತವೆ. ಆದ್ದರಿಂದಲೇ ನೊಣಗಳು ತುದಿಯಲ್ಲಿ, ಮರಿಗಳು ಕೆಳಗೆ. ಕೆಳಗಿನ ಎಲೆಗಳ ಮೇಲ್ಭಾಗ ಅಂಟಂಟಾಗಿ, ಅದರ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಹಿಡಿದಿದ್ದರೆ ಅದು ಮೇಲಿನ ಎಲೆಯ ಮರಿಗಳು ಸುರಿಸಿದ ಸಿಹಿರಸದ ಗುರುತು. ಬೂಷ್ಟು ಬಿದ್ದ ಎಲೆಯಲ್ಲಿ ಹುಳು ಹುಡುಕಬೇಡಿ, ಅದರ ಮೇಲಿನ ಎಲೆಯ ಅಡಿಯಲ್ಲಿ ಹುಡುಕಿ.

ಇನ್ನು ದಿನಗಳ ಲೆಕ್ಕ. ಬೆಚ್ಚಗಿನ ಹವೆಯಲ್ಲಿ, ಅಂದರೆ 27–28 ಡಿಗ್ರಿಯ ಆಸುಪಾಸಿನಲ್ಲಿ, ಮೊಟ್ಟೆ ಒಡೆಯಲು ಸುಮಾರು ಒಂದು ವಾರ, ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಮೂರು ವಾರ ಬೇಕು. ಚಳಿಯಲ್ಲಿ ಇದು ಇನ್ನೂ ಉದ್ದವಾಗುತ್ತದೆ. ಸೋಪಿನ ನೀರು ಮೊಟ್ಟೆಗಳನ್ನು ಅಷ್ಟಾಗಿ ಏನೂ ಮಾಡುವುದಿಲ್ಲ. ರೆಕ್ಕೆ ಮೂಡುವ ಮುಂಚಿನ ಬಲಿತ ಮರಿಗಳೂ ಗಟ್ಟಿ. ಒಣಗಿದ ಮೇಲೆ ಸೋಪಿಗೆ ಕೊಲ್ಲುವ ಗುಣ ಉಳಿಯುವುದೂ ಇಲ್ಲ. ಆದ್ದರಿಂದ ಒಂದು ಸಲ ಚೆನ್ನಾಗಿ ಹೊಡೆದರೂ ಮರುದಿನ ಕೆಲವು ಮೊಟ್ಟೆ ಒಡೆಯುತ್ತವೆ, ಕೆಲವು ನೊಣ ಹೊರಬರುತ್ತವೆ. ಐದು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ ಸಿಂಪಡಿಸಿದರೆ ಮೊದಲ ದಿನ ಮೊಟ್ಟೆಯಾಗಿದ್ದದ್ದು ಮುಂದಿನ ಸಿಂಪರಣೆಗಳಲ್ಲಿ ಎಳೆಯ ಮರಿಯಾಗಿ ಸಿಕ್ಕೇ ಸಿಗುತ್ತದೆ. ಎರಡು ಸಲ ಹೊಡೆದು, ಫಲವಿಲ್ಲವೆಂದು ಬಿಟ್ಟವರು ಅರ್ಧ ದಾರಿಯಲ್ಲಿ ನಿಂತಿದ್ದಾರೆ ಅಷ್ಟೆ.

ಸೋಪು ಯಾವುದು ಎಂಬುದರಲ್ಲಿ ನಾನು ಹಟವಾದಿ. ಗಿಡಗಳಿಗೆಂದೇ ಮಾರುವ ಪೊಟ್ಯಾಷಿಯಂ ಸೋಪಿನ ದ್ರಾವಣ ಸಿಕ್ಕರೆ ಡಬ್ಬಿಯ ಮೇಲೆ ಹೇಳಿದಷ್ಟು ಬೆರೆಸಿ. ಸಾಮಾನ್ಯವಾಗಿ ಲೀಟರಿಗೆ 10ರಿಂದ 20 ಮಿಲಿ ಇರುತ್ತದೆ. ಅದು ಸಿಗದಿದ್ದರೆ ಬಣ್ಣ, ಸುವಾಸನೆ ಇಲ್ಲದ ಸೌಮ್ಯ ದ್ರವ ಸೋಪನ್ನು ಲೀಟರಿಗೆ 5 ಮಿಲಿಯಿಂದ ಆರಂಭಿಸಿ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ ಬೇಡ. ಅವು ಡಿಟರ್ಜೆಂಟುಗಳು; ಎಲೆಯ ಮೇಲಿನ ಮೇಣದ ಪದರವನ್ನೇ ಕಿತ್ತು ಅಂಚುಗಳನ್ನು ಸುಡಬಲ್ಲವು. ಬೆರೆಸಿದ ನೀರನ್ನು ಗಾಜಿನ ಲೋಟದಲ್ಲಿ ಐದು ನಿಮಿಷ ಇಟ್ಟು ನೋಡಿ. ಮೇಲೆ ಬಿಳಿ ಗಸಿ ತೇಲಿದರೆ ನಿಮ್ಮ ನೀರು ಗಡಸು, ಅದರಲ್ಲಿರುವ ಸುಣ್ಣದಂಶ ಸೋಪನ್ನು ಹಿಡಿದುಹಾಕಿದೆ. ಅಂಥ ನೀರನ್ನು ಎಷ್ಟು ಹೊಡೆದರೂ ಹುಳುವಿಗೆ ಏನೂ ಆಗುವುದಿಲ್ಲ, ಸಿಂಪಡಕದ ಮೂತಿ ಮಾತ್ರ ಕಟ್ಟಿಕೊಳ್ಳುತ್ತದೆ. ಮಳೆನೀರು ಅಥವಾ ಶುದ್ಧೀಕರಿಸಿದ ನೀರನ್ನು ಬಳಸಿ. ಮೊದಲು ಒಂದೆರಡು ಎಲೆಗೆ ಹಾಕಿ ಒಂದು ದಿನ ಕಾಯಿರಿ. ಅಂಚು ಕಂದಾಗದಿದ್ದರೆ ಉಳಿದ ಗಿಡಗಳಿಗೆ ಹಾಕಬಹುದು.

ಹೊಡೆಯುವ ಹೊತ್ತು ಬೆಳಗಿನ ಜಾವ. ತಂಪಿಗೆ ನೊಣಗಳು ಜಡವಾಗಿರುತ್ತವೆ, ಎಲೆ ತಿರುಗಿಸಿದರೂ ತಕ್ಷಣ ಏಳುವುದಿಲ್ಲ. ತಂಪಿನಲ್ಲಿ ನೀರು ನಿಧಾನವಾಗಿ ಆರುವುದರಿಂದ ಹುಳು ಹೆಚ್ಚು ಹೊತ್ತು ತೊಯ್ದಿರುತ್ತದೆ. ಸುಡುಬಿಸಿಲಿನಲ್ಲಿ, ಬಾಡಿದ ಗಿಡಕ್ಕೆ ಸೋಪು ಮುಟ್ಟಿಸಬೇಡಿ. ಹಿಂದಿನ ಸಂಜೆಯೇ ಬುಡಕ್ಕೆ ನೀರು ಹಾಕಿರಿ.

ಕೈಚಳಕ ಬೇಕಾಗುವುದು ಬದನೆ ಎಲೆಯಲ್ಲಿ. ಅದರ ಅಡಿಯಲ್ಲಿ ನಕ್ಷತ್ರದಾಕಾರದ ಸಣ್ಣ ರೋಮಗಳು ದಟ್ಟವಾಗಿವೆ. ಹಗುರವಾಗಿ ಹೊಡೆದರೆ ಹನಿಗಳು ರೋಮದ ಮೇಲೆಯೇ ಮುತ್ತಿನಂತೆ ನಿಲ್ಲುತ್ತವೆ, ಕೆಳಗಿರುವ ಮರಿ ಒಣಗಿಯೇ ಇರುತ್ತದೆ. ಎಡಗೈಯಲ್ಲಿ ಎಲೆಯ ತುದಿ ಹಿಡಿದು ಸ್ವಲ್ಪ ಮಗುಚಿ, ಸಿಂಪಡಕದ ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ, ಬೂದು ಬಣ್ಣದ ಎಲೆಯಡಿ ಕಡು ಹಸಿರಾಗಿ ಹೊಳೆದು ಅಂಚಿನಿಂದ ನೀರು ತೊಟ್ಟಿಕ್ಕುವವರೆಗೆ ಹೊಡೆಯಬೇಕು. ಬಣ್ಣ ಬದಲಾಗದ ಜಾಗ ಕಂಡರೆ ಅಲ್ಲಿಗೆ ಸೋಪು ಇಳಿದಿಲ್ಲ ಎಂದೇ ಅರ್ಥ. ಕೆಲಸ ಆಗಿದೆಯೇ ಎಂದು ಎರಡು ದಿನ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಬದುಕಿರುವ ಮರಿ ಉಬ್ಬಿಕೊಂಡು ಹೊಳೆಯುತ್ತಿರುತ್ತದೆ. ಸತ್ತದ್ದು ಸುಕ್ಕಾಗಿ, ಕಂದಿ, ಹೊಟ್ಟಿನ ಹಾಗೆ ಕೆರೆದರೆ ಉದುರುತ್ತದೆ.

ಹಾಗಾದರೆ ಹಳದಿ ಹಾಳೆ ಏಕೆ? ಲೆಕ್ಕ ತಿಳಿಯಲು. ನೊಣ ಹಳದಿಗೆ ಮರುಳಾಗುವುದು ನಿಜ, ಒಂದಷ್ಟು ಸಾಯುವುದೂ ನಿಜ. ಆದರೆ ಅದೊಂದರಿಂದಲೇ ಹಿಂಡು ಅಡಗಿದ್ದನ್ನು ನಾನು ನೋಡಿಲ್ಲ. ಗಿಡದ ತುದಿಯ ಮಟ್ಟಕ್ಕೆ, ಎಲೆಗೆ ತಾಗದಂತೆ ಕೋಲಿಗೆ ಕಟ್ಟಿ. ಗಿಡ ಬೆಳೆದಂತೆ ಏರಿಸುತ್ತಾ ಹೋಗಿ. ತಲೆಯ ಎತ್ತರಕ್ಕೆ ತೂಗುಹಾಕಿದರೆ ದಾರಿಹೋಕ ಹುಳುಗಳೇ ಹೆಚ್ಚು ಅಂಟುತ್ತವೆ. ಐದು ದಿನಕ್ಕೊಮ್ಮೆ ಎಣಿಸಿ, ಬರೆದು, ಹಾಳೆ ಬದಲಿಸಿ. ಧೂಳು ಹಿಡಿದ ಹಾಳೆಯ ಲೆಕ್ಕವನ್ನು ನಂಬುವಂತಿಲ್ಲ.

ನನ್ನದೇ ಒಂದು ಬೇಸಿಗೆಯ ಮಡಿಯ ಕತೆ ಹೇಳುತ್ತೇನೆ. ಆರು ಬದನೆ, ಹತ್ತು ಬೆಂಡೆ, ಮೂರು ಹಾಳೆ. ಮೊದಲ ದಿನ ಮರಿ ತುಂಬಿದ್ದ ಕೆಳಗಿನ ಎಲೆಗಳನ್ನು ಅಲುಗಿಸದೆ ಕತ್ತರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಬಿಸಿಲಿಗಿಟ್ಟೆ. ಗಿಡಕ್ಕೆ ಮೂರ್ನಾಲ್ಕಕ್ಕಿಂತ ಹೆಚ್ಚು ಎಲೆ ತೆಗೆಯಲಿಲ್ಲ. ಉಳಿದದ್ದಕ್ಕೆ ಸೋಪು ಹೊಡೆಯಲು ಎರಡು ಲೀಟರ್ ದ್ರಾವಣ, ಮುಕ್ಕಾಲು ಗಂಟೆ ಹಿಡಿಯಿತು. ಐದನೆಯ ದಿನ ಮೂರು ಹಾಳೆಗಳಲ್ಲಿ ಒಟ್ಟು 140 ನೊಣ. ಹತ್ತನೆಯ ದಿನ 170. ಏರಿದ ಲೆಕ್ಕ ನೋಡಿ ಎದೆ ಕುಸಿಯಿತು, ಸುಳ್ಳು ಹೇಳಲಾರೆ. ಆದರೆ ಬಲಿತ ಎಲೆ ತಿರುಗಿಸಿದಾಗ ಜೀವಂತ ಮರಿಗಳು ಕಡಿಮೆಯಾಗಿದ್ದವು, ಖಾಲಿ ಚಿಪ್ಪುಗಳು ಹೆಚ್ಚಾಗಿದ್ದವು. ಮೊದಲ ಸಿಂಪರಣೆಗೆ ಬಗ್ಗದ ಬಲಿತ ಮರಿಗಳೇ ರೆಕ್ಕೆ ಬಿಚ್ಚಿ ಹಾಳೆಗೆ ಬಂದಿದ್ದವು. ಅವುಗಳ ಹಿಂದೆ ಬರಬೇಕಾದ ಎಳೆಯ ಮರಿಗಳು ಅಷ್ಟರಲ್ಲಿ ಸತ್ತಿದ್ದವು. ಹದಿನೈದನೆಯ ದಿನ 60, ಇಪ್ಪತ್ತನೆಯ ದಿನ 20. ಹತ್ತನೆಯ ದಿನ ಕೈಚೆಲ್ಲಿದ್ದರೆ ಆ 170 ನೊಣಗಳ ಜೊತೆಗಾರರು ಮತ್ತೊಂದು ಸುತ್ತು ಮೊಟ್ಟೆ ಇಡುತ್ತಿದ್ದರು.

ಬೆಂಡೆಯ ವಿಷಯದಲ್ಲಿ ಮಾತ್ರ ಈ ಲೆಕ್ಕ ಸಾಲದು. ಹಳದಿ ನಂಜು ರೋಗವನ್ನು ಬಿಳಿ ನೊಣವೇ ಹೊತ್ತು ತರುತ್ತದೆ, ಅದಕ್ಕೆ ಹಿಂಡು ಬೇಕಾಗಿಲ್ಲ. ಎಲೆಯ ನರಗಳು ಬಲೆಯ ಹಾಗೆ ಹಳದಿಯಾಗಿ, ನಡುವೆ ಮಾತ್ರ ಹಸಿರು ಉಳಿದರೆ ರೋಗ ಬಂದಾಗಿದೆ. ಬರಬರುತ್ತಾ ಕಾಯಿಯೂ ಬಿಳಿಚಿ ಗಿಡ್ಡಾಗುತ್ತದೆ. ಇದಕ್ಕೆ ಮದ್ದಿಲ್ಲ. ಸೋಪು ನೊಣವನ್ನು ಕೊಲ್ಲುತ್ತದೆ, ಗಿಡದೊಳಗೆ ಸೇರಿದ ನಂಜನ್ನಲ್ಲ. ಗಿಡ ಎಳೆಯದಾಗಿದ್ದಾಗ ತಗುಲಿದರೆ ನಷ್ಟ ಅತಿ ಹೆಚ್ಚು. ಆದ್ದರಿಂದ ಬೆಂಡೆಯಲ್ಲಿ ಮೊದಲ ಎಲೆಗಳು ಬಿಚ್ಚಿದಾಗಿನಿಂದಲೇ ಎಲೆಯಡಿ ನೋಡುವ ಅಭ್ಯಾಸ ಬೇಕು. ನನ್ನ ಹತ್ತರಲ್ಲಿ ಎರಡು ಗಿಡಗಳಿಗೆ ಹಳದಿ ನರ ಬಂದಿತ್ತು. ಹಾಗೆಯೇ ಕಿತ್ತರೆ ಅದರ ಮೇಲಿನ ನೊಣಗಳೆಲ್ಲ ಎದ್ದು ಪಕ್ಕದ ಗಿಡಕ್ಕೆ ಹಾರುತ್ತವೆ. ಬೆಳಗಿನ ಜಾವ ಅವುಗಳನ್ನು ಸೋಪಿನ ನೀರಿನಲ್ಲಿ ಪೂರ್ತಿ ತೋಯಿಸಿ, ಮೇಲಿನಿಂದ ಚೀಲ ಹೊದಿಸಿ, ಆಮೇಲೆ ಬುಡಸಮೇತ ಕಿತ್ತೆ. ಕೀಳಲು ಮನಸ್ಸಾಗುವುದಿಲ್ಲ, ಇನ್ನೂ ನಾಲ್ಕು ಕಾಯಿ ಕೊಟ್ಟೀತು ಎನಿಸುತ್ತದೆ. ಅಂಥ ಗಿಡ ನಿಂತಷ್ಟು ದಿನವೂ ನೊಣಗಳಿಗೆ ನಂಜಿನ ಕಣಜವೇ ಆಗಿರುತ್ತದೆ. ಬದನೆ ಎಲೆ ಕಿರಿದಾಗಿ ಗೊಂಚಲು ಕಟ್ಟಿದರೆ ಬಿಳಿ ನೊಣವನ್ನು ದೂರಬೇಡಿ. ಆ ಕಿರಿ ಎಲೆ ರೋಗವನ್ನು ಹರಡುವುದು ಜಿಗಿಹುಳು. ಆರೋಗ್ಯವಾಗಿರುವ ಬದನೆ ಒಂದಷ್ಟು ಬಿಳಿ ನೊಣಗಳನ್ನು ತಾಳಿಕೊಳ್ಳುತ್ತದೆ, ಅದಕ್ಕೆ ಅಷ್ಟು ಆತುರ ಪಡಬೇಕಾಗಿಲ್ಲ.

ಸಿಂಪರಣೆ ಎಂದು ನಿಲ್ಲಿಸಬೇಕೆಂದು ತಿಳಿಯಲು ನಾನು ಖಾಲಿ ಚಿಪ್ಪುಗಳನ್ನೇ ನೋಡುತ್ತೇನೆ. ನೊಣ ಹೊರಬಂದ ಚಿಪ್ಪಿನ ಬೆನ್ನಿನ ಮೇಲೆ ಇಂಗ್ಲಿಷಿನ ಟಿ ಅಕ್ಷರದಂಥ ಸೀಳು ಇರುತ್ತದೆ. ಕೆಲವು ಚಿಪ್ಪುಗಳಲ್ಲಿ ಸೀಳಿನ ಬದಲು ಸೂಜಿಯಿಂದ ಕೊರೆದಂಥ ದುಂಡು ತೂತಿರುತ್ತದೆ. ಮರಿಯೊಳಗೆ ಬೆಳೆದು, ಅದನ್ನು ತಿಂದು ಮುಗಿಸಿದ ಸಣ್ಣ ಪರತಂತ್ರ ಕಣಜದ ಹುಳು ಹೊರಬಂದ ದಾರಿ ಅದು. ಅದರ ಗಾತ್ರ ನೊಣಕ್ಕಿಂತಲೂ ಚಿಕ್ಕದು, ಸೋಪಿಗೂ ಅಂಟುಹಾಳೆಗೂ ಅದು ಸಹ ಬಲಿಯಾಗುತ್ತದೆ. ಇಪ್ಪತ್ತನೆಯ ದಿನ ಒಂದು ಬದನೆ ಎಲೆಯಲ್ಲಿ ದುಂಡು ತೂತುಗಳು ಸೀಳುಗಳಿಗಿಂತ ಹೆಚ್ಚಿದ್ದವು. ಅಂದೇ ಎರಡು ಹಾಳೆ ಬಿಚ್ಚಿದೆ, ಎಣಿಕೆಗೆಂದು ಒಂದನ್ನು ಉಳಿಸಿದೆ, ಐದನೆಯ ಸಿಂಪರಣೆ ಮಾಡಲಿಲ್ಲ.