ಗೋಕರ್ಣಕ್ಕೆ ಟಿಕೆಟ್ ಬುಕ್ ಮಾಡೋ ಮುಂಚೆ ತಿಥಿ ನೋಡಿ

ಬೆಂಗಳೂರಿನಿಂದ ಗೋಕರ್ಣಕ್ಕೆ ಹೋಗೋರು ಸಾಮಾನ್ಯವಾಗಿ ಶುಕ್ರವಾರ ರಾತ್ರಿ ಬಸ್ ಹತ್ತಿ ಶನಿವಾರ ಬೆಳಗ್ಗೆ ಇಳಿಯುತ್ತಾರೆ. ಬಸ್ಸು, ರೂಮು ಎಲ್ಲ ವಿಚಾರಿಸುತ್ತಾರೆ. ಸಮುದ್ರ ಎಷ್ಟೊತ್ತಿಗೆ ಇಳಿದಿರುತ್ತದೆ ಅಂತ ನೋಡೋರು ಕಮ್ಮಿ. ಓಂ ಬೀಚಿನ ಬಂಡೆಗಳ ಹತ್ತಿರ ಓಡಾಡೋ ಆಸೆ ಇದ್ದರೆ ಅದನ್ನೇ ಮೊದಲು ನೋಡಬೇಕು.

ನಾವು ಹೋದದ್ದು ಹುಣ್ಣಿಮೆ ಆಸುಪಾಸಿನಲ್ಲಿ. ಶನಿವಾರ ಬೆಳಗ್ಗೆ 11ರ ಸುಮಾರಿಗೆ ಉಬ್ಬರ, ಸಂಜೆ 5 ದಾಟಿದ ಮೇಲೆ ಪೂರ್ತಿ ಇಳಿತ. ಬೆಳಗ್ಗೆ ಅಲೆ ಬಡಿಯುತ್ತಿದ್ದ ಬಂಡೆಗಳ ಬುಡದಲ್ಲಿ ಸಂಜೆ ಸಣ್ಣ ಏಡಿಗಳು ಓಡಾಡುತ್ತಿದ್ದವು. ಭಾನುವಾರ ಇದೆಲ್ಲ ಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ತಡವಾಯಿತು.

ಯಾಕೆ ಅಂದರೆ, ಉಬ್ಬರ ಮುಖ್ಯವಾಗಿ ಚಂದ್ರನ ಲೆಕ್ಕದಲ್ಲಿ ಬರುತ್ತದೆ. ಭೂಮಿ 24 ಗಂಟೆಯಲ್ಲಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಸುಮಾರು 12 ಡಿಗ್ರಿ ಮುಂದೆ ಹೋಗಿರುತ್ತಾನೆ. ಗಡಿಯಾರದ ದೊಡ್ಡ ಮುಳ್ಳು ಒಂದು ಸುತ್ತು ಬಂದರೂ ಸಣ್ಣ ಮುಳ್ಳು ಅಷ್ಟರಲ್ಲಿ ಸರಿದಿರುತ್ತದಲ್ಲ, ಹಾಗೆ. ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ ಬೇಕು. 12 ಡಿಗ್ರಿಗೆ 48 ನಿಮಿಷ, ಚೂರುಪಾರು ಸೇರಿ ಸುಮಾರು 50. ಹೀಗಾಗಿ ಚಂದ್ರನ ದಿನ 24 ಗಂಟೆ 50 ನಿಮಿಷ. ಅದರೊಳಗೆ ಎರಡು ಉಬ್ಬರ, ಎರಡು ಇಳಿತ.

ಮಜಾ ಏನಂದರೆ, ಪಂಚಾಂಗದ ಒಂದು ತಿಥಿಯೂ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯುವ ಹೊತ್ತೇ. ಅದಕ್ಕೇ ಒಂದೇ ಊರಲ್ಲಿ ಒಂದು ಹುಣ್ಣಿಮೆಗೂ ಇನ್ನೊಂದು ಹುಣ್ಣಿಮೆಗೂ, ಅಮಾವಾಸ್ಯೆಗೂ, ಉಬ್ಬರ ಹೆಚ್ಚುಕಮ್ಮಿ ಅದೇ ಗಂಟೆಗೆ ಬರುತ್ತದೆ.

ವೀಕೆಂಡ್ ಆರಿಸೋಕೆ ಇದೇ ಸಾಕು. ದಿನಕ್ಕೆ 50 ನಿಮಿಷದಂತೆ ಏಳು ದಿನಕ್ಕೆ ಸುಮಾರು ಆರು ಗಂಟೆ ತಡ. ಅಂದರೆ ಈ ಶನಿವಾರ ಸಂಜೆ 5ಕ್ಕೆ ಇಳಿತ ಇದ್ದರೆ, ಮುಂದಿನ ಶನಿವಾರ ಅದೇ ಹೊತ್ತಿಗೆ ಉಬ್ಬರ. ಗೆಳೆಯರು "ಸಂಜೆ ಹೋಗು, ಬೀಚು ಅಗಲ ಇರುತ್ತೆ" ಅಂದರೆ, ಯಾವ ವಾರ ಹೋಗಿದ್ದರು ಅಂತ ಕೇಳಿ. ಅವರ ಟೈಮೇ ಬೇಕಿದ್ದರೆ ಎರಡು ವಾರ ಬಿಟ್ಟು ಹೋಗಿ.

ಆದರೆ 50 ಅನ್ನೋದು ಸರಾಸರಿ ಅಷ್ಟೇ. ಸೂರ್ಯನ ಸೆಳೆತವೂ ಇರೋದರಿಂದ ಹುಣ್ಣಿಮೆ, ಅಮಾವಾಸ್ಯೆ ಸುತ್ತಮುತ್ತ ತಡ ಕಮ್ಮಿ, ಅಷ್ಟಮಿ ಹತ್ತಿರ ಒಂದು ಗಂಟೆ ದಾಟುವುದೂ ಉಂಟು. ಅಷ್ಟಮಿ ಸಮಯದಲ್ಲಿ ನೀರು ಜಾಸ್ತಿ ಇಳಿಯುವುದೂ ಇಲ್ಲ. ಆದ್ದರಿಂದ ತಿಥಿಯಿಂದ ವಾರ ಆರಿಸಿ, ಗಂಟೆಗೆ ಮಾತ್ರ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಉಬ್ಬರ-ಇಳಿತದ ಪಟ್ಟಿಯಲ್ಲಿ ಹತ್ತಿರದ ಬಂದರು ನೋಡಿ.

ಬಂಡೆ ಹತ್ತಿರ ಹೋಗೋದಾದರೆ ಇಳಿತಕ್ಕೆ ಒಂದು ಗಂಟೆ ಮುಂಚೆ ಹೋಗಿ, ಇಳಿತ ಆಗುತ್ತಿದ್ದಂತೆ ವಾಪಸ್ ಹೊರಡಿ. ನೀರು ತಿರುಗಿದ ಮೊದಲ ಗಂಟೆ ಏರಿದ್ದೇ ಗೊತ್ತಾಗಲ್ಲ. ಮೂರನೇ, ನಾಲ್ಕನೇ ಗಂಟೆಯಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಬಂದುಬಿಡುತ್ತದೆ. ಬಂಡೆ ಮೇಲೆ ಬಿಳಿ ಚಿಪ್ಪು ಅಂಟಿರೋ ಪಟ್ಟಿ ಕಂಡರೆ, ಅಲ್ಲಿಯವರೆಗೆ ನೀರು ಬರುತ್ತದೆ ಅಂತಲೇ ತಿಳಿಯಿರಿ. ಮಳೆಗಾಲದಲ್ಲಿ ಈ ಲೆಕ್ಕ ನಂಬಿ ಬಂಡೆ ಹತ್ತಬೇಡಿ. ಪಟ್ಟಿಯಲ್ಲಿ ಅಲೆಯ ಎತ್ತರ ಸೇರಿರುವುದಿಲ್ಲ.