ಡಿಸೆಂಬರ್ ರಿಯಾಯಿತಿ ನಿಜಕ್ಕೂ ಲಾಭವೇ? ಕಾರಿಗೆ ಬೆಲೆ ಕಟ್ಟುವವನ ಲೆಕ್ಕ

ಹಳೆ ಕಾರುಗಳಿಗೆ ಬೆಲೆ ಕಟ್ಟೋದು ನನ್ನ ಕೆಲಸ. ಮಾರಲು ಬಂದವರು ಹೆಚ್ಚಾಗಿ ನೋಂದಣಿ ತಾರೀಖು ಹೇಳುತ್ತಾರೆ, ನಾನು ಮೊದಲು ತಯಾರಿಕೆಯ ತಿಂಗಳು ನೋಡುತ್ತೇನೆ. ಎರಡರ ನಡುವೆ ವರ್ಷ ಬದಲಾಗಿದ್ದರೆ ಮಾತುಕತೆ ಅಲ್ಲೇ ಬಿಸಿಯಾಗುತ್ತದೆ. ಡಿಸೆಂಬರ್‌ನಲ್ಲಿ ರಿಯಾಯಿತಿಗೆ ಕೊಂಡ ಕಾರನ್ನು ಜನವರಿಯಲ್ಲಿ ನೋಂದಣಿ ಮಾಡಿಸಿದರೆ ಆಗೋದು ಇದೇ.

ಒಂದು ಲೆಕ್ಕ ಹಾಕೋಣ. ಎರಡು ಕಾರು, ಒಂದೇ ಮಾಡೆಲ್, ಎರಡೂ 2024ರ ಜನವರಿಯಲ್ಲಿ ರಸ್ತೆಗಿಳಿದವು. ಒಂದು ತಯಾರಾಗಿದ್ದು ಅದೇ ಜನವರಿಯಲ್ಲಿ, ಇನ್ನೊಂದು 2023ರ ಅಕ್ಟೋಬರ್‌ನಲ್ಲಿ. ವಯಸ್ಸಿನ ಅಂತರ ಮೂರೇ ತಿಂಗಳು. ಆದರೆ ತಯಾರಿಕೆಯ ವರ್ಷ ನೋಡುವ ಮಾರುಕಟ್ಟೆಯಲ್ಲಿ ಎರಡನೆಯದು ಪೂರ್ತಿ ಒಂದು ವರ್ಷ ಹಳೆಯದು. ಹೊಸ ಬೆಲೆ 100 ಅಂದುಕೊಳ್ಳಿ. ಮೂರು ವರ್ಷ ಬಿಟ್ಟು ಮಾರುವಾಗ ಮೊದಲನೆಯದಕ್ಕೆ 60, ಎರಡನೆಯದಕ್ಕೆ 53 ಸಿಕ್ಕಿತು ಅನ್ನಿ. ಅಂತರ 7. ಕೊಳ್ಳುವಾಗ ಎರಡನೆಯದಕ್ಕೆ ಸಿಕ್ಕ ರಿಯಾಯಿತಿ 4 ಆಗಿದ್ದರೆ 3 ಕೈಬಿಟ್ಟಿತು. ಅದೇ ಕಾರನ್ನು ಹತ್ತು ವರ್ಷ ಇಟ್ಟುಕೊಂಡರೆ ಆ 7ರ ಅಂತರ 1 ಅಥವಾ 2ಕ್ಕೆ ಇಳಿಯಬಹುದು, ಯಾಕಂದ್ರೆ ಅಷ್ಟು ಹಳೆ ಕಾರಿನಲ್ಲಿ ಜನ ವರ್ಷಕ್ಕಿಂತ ಅದರ ಸ್ಥಿತಿಯನ್ನು ನೋಡುತ್ತಾರೆ. ಆಗ ಅದೇ 4 ಲಾಭವೇ. ಹಾಗಾಗಿ ರಿಯಾಯಿತಿ ಸಾಕಾ ಅಂತ ಕೇಳಿದವರಿಗೆ ನಾನು ತಿರುಗಿ ಕೇಳೋದು ಒಂದೇ: ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?

ಇನ್ನು ಮಾಡೆಲ್ ವರ್ಷ. ಇದು ಕ್ಯಾಲೆಂಡರ್ ವರ್ಷ ಅಲ್ಲ. ಅಮೆರಿಕದಂಥ ಮಾರುಕಟ್ಟೆಯಲ್ಲಿ 2023ರ ಅಕ್ಟೋಬರ್‌ನಲ್ಲಿ ತಯಾರಾದ ಕಾರು 2024ರ ಮಾಡೆಲ್ ಆಗಿರಬಹುದು. ಅಲ್ಲಿ 17 ಅಕ್ಷರದ ಚಾಸಿ ನಂಬರಿನ ಹತ್ತನೆಯ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ, R ಇದ್ದರೆ 2024, S ಇದ್ದರೆ 2025. ಎಲ್ಲ ದೇಶಗಳಲ್ಲೂ ಈ ನಿಯಮ ಇಲ್ಲ, ಆ ಅಕ್ಷರವನ್ನೇ ನಂಬಿ ಕೂರಬೇಡಿ. "ಇದು ಮುಂದಿನ ವರ್ಷದ ಮಾಡೆಲ್" ಅಂತ ಮಾರುವವರು ಹೇಳಿದರೆ, ನಿಮ್ಮ ನೋಂದಣಿ ಪತ್ರದಲ್ಲಿ ಯಾವ ವರ್ಷ ಬರುತ್ತದೆ ಅಂತ ಕೇಳಿ. ಮರುಮಾರಾಟದಲ್ಲಿ ನಿಮ್ಮ ಕೈಯಲ್ಲಿರೋದು ಆ ಪತ್ರವೇ ಅಲ್ವಾ.

ತಯಾರಿಕೆಯ ತಿಂಗಳು ಎಷ್ಟೋ ಕಾರುಗಳಲ್ಲಿ ಬಾಗಿಲಿನ ಕಂಬದ ಮೇಲಿನ ಫಲಕದಲ್ಲೇ ಇರುತ್ತದೆ. ಟೈರಿನ ಪಕ್ಕದಲ್ಲೂ ನಾಲ್ಕು ಅಂಕಿ ನೋಡಿ: 3823 ಅಂದರೆ 2023ರ 38ನೇ ವಾರ. ಟೈರು ಕಾರಿಗಿಂತ ಕೆಲವು ವಾರ ಹಳೆಯದಿರೋದು ಸಹಜ. ಹೊಸ ಕಾರಿನ ಟೈರು ಕಾರಿಗಿಂತ ಆಮೇಲೆ ತಯಾರಾಗಿದ್ದರೆ ಬದಲಾಯಿಸಿದ್ದಾರೆ ಅಂತ ಅರ್ಥ, ಯಾಕೆ ಅಂತ ಕೇಳಲೇಬೇಕು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಬ್ಯಾಟರಿ ಸೊರಗಿರಬಹುದು, ಟೈರು ನಿಂತ ಜಾಗದಲ್ಲೇ ಚಪ್ಪಟೆಯಾಗಿ ಓಡುವಾಗ ಕಾರು ನಡುಗಬಹುದು. ಬ್ಯಾಟರಿ ಪರೀಕ್ಷೆ ಮಾಡಿಸಿಯೇ ಒಪ್ಪಿಕೊಳ್ಳಿ.

ಇದೆಲ್ಲ ನೋಂದಣಿಗೆ ಮುಂಚೆ ಆಗಬೇಕು. ಪೂರ್ತಿ ಹಣ ಕಟ್ಟುವ ಮೊದಲು ನಿಮಗೆ ಕೊಡುವ ಕಾರಿನ ಚಾಸಿ ನಂಬರ್ ಬರೆಸಿಕೊಳ್ಳಿ, ಆ ಕಾರನ್ನೇ ಹೋಗಿ ನೋಡಿ, ತಯಾರಿಕೆಯ ತಿಂಗಳನ್ನು ಆರ್ಡರ್ ಪತ್ರದಲ್ಲಿ ಹಾಕಿಸಿ. ನಂಬರ್ ಪ್ಲೇಟ್ ಬಿದ್ದ ಮೇಲೆ ಬೇರೆ ಕಾರು ಕೊಡಿ ಅಂದರೆ ಯಾರೂ ಸುಲಭವಾಗಿ ಒಪ್ಪೋದಿಲ್ಲ.