ಪುಕ್ಕಟೆ ಗ್ಯಾಸಿನ ಕಾಂಟ್ರ್ಯಾಕ್ಟು

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದರೆ ಹುಬ್ಬಳ್ಳಿಯಲ್ಲಿ ಎಸಿ ರಿಪೇರಿಯವರ ಫೋನು ಬಿಡುವಿಲ್ಲದೆ ರಿಂಗಾಗುತ್ತದೆ. ಈ ಮಾರ್ಚ್‌ನಲ್ಲಿ ವಿದ್ಯಾನಗರದ ಒಂದು ಮನೆಗೆ ಹೋದಾಗ ಎಸಿಗಿಂತ ಮೊದಲು ಮುಂದೆ ಬಂದದ್ದು ಒಂದು ಕಾಗದ, ಬೇರೆಯವರು ಕೊಟ್ಟುಹೋಗಿದ್ದ ವರ್ಷದ ಮೇಂಟೆನೆನ್ಸ್ ಕಾಂಟ್ರ್ಯಾಕ್ಟಿನ ಫಾರ್ಮು.

“ತಮ್ಮಾ, ಗ್ಯಾಸ್ ಹೋಗೇತಂತ. ಬರೇ ಗ್ಯಾಸ್ ಹಾಕಿದ್ರ ಮೂರು ಸಾವಿರ, ಆರು ಸಾವಿರದ ಕಾಂಟ್ರ್ಯಾಕ್ಟ್ ತಗೊಂಡ್ರ ಗ್ಯಾಸ್ ಪುಕ್ಕಟೆ ಅಂತಾರ. ಹೋದ ಏಪ್ರಿಲ್‌ನ್ಯಾಗೂ ಹಾಕಿಸೇವಿ. ವರ್ಷಾ ಇಷ್ಟು ಖರ್ಚು ಬರೂದಾದ್ರ ಕಾಂಟ್ರ್ಯಾಕ್ಟೇ ಛಲೋ ಅಲ್ಲೇನು?” ಎಂದರು ಮನೆಯವರು.

“ಅಕ್ಕಾರ, ಮೊದಲು ಗ್ಯಾಸ್ ಯಾಕ ಹೋಗೇತಿ ನೋಡೂಣ್ರಿ, ಆಮ್ಯಾಲೆ ಕಾಗದ” ಎಂದೆ.

ಲೆಕ್ಕ ಶುರುವಾಗುವುದು ಇಲ್ಲಿಂದಲೇ. ಎಸಿಯ ಗ್ಯಾಸು ಬೈಕಿನ ಪೆಟ್ರೋಲಿನಂತೆ ಓಡಿದಷ್ಟೂ ಖರ್ಚಾಗುವುದಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಲೀಕ್ ಇದೆ. ಆ ಲೀಕ್ ಮುಚ್ಚದೆ ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸುತ್ತಾ ಹೋದರೆ ಯಾವ ಕಾಂಟ್ರ್ಯಾಕ್ಟಾದರೂ ಅಗ್ಗವಾಗಿಯೇ ಕಾಣುತ್ತದೆ.

ಅದು ಆರನೇ ವರ್ಷದಲ್ಲಿದ್ದ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್. ಫಿಲ್ಟರ್ ತೊಳೆದು, ಫ್ಯಾನ್ ಜೋರಿಗೆ ಇಟ್ಟು, ಕಾಲು ತಾಸು ಓಡಿಸಿ ಥರ್ಮಾಮೀಟರ್ ಹಿಡಿದರೆ ಒಳಗೆ ಹೋಗುವ ಗಾಳಿ 30 ಡಿಗ್ರಿ, ಹೊರಬರುವ ಗಾಳಿ 24. ಚೆನ್ನಾಗಿರುವ ಎಸಿಯಲ್ಲಿ ಈ ಅಂತರ ಸುಮಾರು ಹತ್ತು ಡಿಗ್ರಿ, ಅದರ ಆಚೀಚೆ ಇರಬೇಕು. ಫಿಲ್ಟರ್ ಕಟ್ಟಿದ್ದರೂ ತಂಪು ಕಡಿಮೆಯಾಗುತ್ತದೆ, ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ಅದನ್ನು ನೋಡಿ ‘ಗ್ಯಾಸ್ ಖಾಲಿ’ ಎನ್ನುವವರಿದ್ದಾರೆ, ಹಾಗಾಗಿಯೇ ಮೊದಲು ಫಿಲ್ಟರ್ ತೊಳೆದದ್ದು. ಇನ್ವರ್ಟರ್ ಮಷಿನ್ ತನ್ನ ವೇಗವನ್ನು ತಾನೇ ಬದಲಿಸಿಕೊಳ್ಳುತ್ತಿರುತ್ತದೆ. ಅದಕ್ಕೆ ಆಂಪಿಯರ್ ಒಂದನ್ನೇ ನೋಡಿ ಗ್ಯಾಸಿನ ತೀರ್ಮಾನ ಮಾಡಲು ಬರುವುದಿಲ್ಲ.

ಟೆರೇಸಿನ ಮೇಲೆ ಔಟ್‌ಡೋರ್ ಯೂನಿಟ್ಟಿನ ಬದಿಯ ಕವರ್ ತೆಗೆದಾಗ ಉತ್ತರ ಕಣ್ಣೆದುರೇ ಇತ್ತು. ಅರ್ಧ ಇಂಚಿನ ದಪ್ಪ ಪೈಪಿನ ಹಿತ್ತಾಳೆ ನಟ್ಟಿನ ಸುತ್ತ ಜಿಡ್ಡು, ಆ ಜಿಡ್ಡಿಗೆ ನಮ್ಮೂರಿನ ಧೂಳು ಮೆತ್ತಿ ಕಪ್ಪು ಬಳೆ ಹಾಕಿದಂತಾಗಿತ್ತು. ಗ್ಯಾಸಿನ ಜೊತೆಗೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸ್ವಲ್ಪ ಹೊರಬರುವುದರಿಂದ ಸಣ್ಣ ಲೀಕಿನ ಗುರುತು ಹೀಗೇ ಇರುತ್ತದೆ. ಸೋಪಿನ ನೀರು ಹಚ್ಚಿದರೆ ನಿಧಾನವಾಗಿ ಗುಳ್ಳೆ ಎದ್ದವು. ಉಳಿದ ಗ್ಯಾಸನ್ನು ರಿಕವರಿ ಮಷಿನ್ನಿನಲ್ಲಿ ಎಳೆದು ತೂಗಿದಾಗ 510 ಗ್ರಾಂ ಸಿಕ್ಕಿತು. ಯೂನಿಟ್ಟಿನ ಪಟ್ಟಿಯ ಮೇಲೆ ಬರೆದಿದ್ದದ್ದು 820 ಗ್ರಾಂ.

ಪೈಪಿನ ತುದಿ ಕತ್ತರಿಸಿ, ನಟ್ಟಿಗೆ ಬಿಗಿಯಾಗಿ ಕೂರುವಂತೆ ತುದಿ ಅರಳಿಸಿ ಹೊಸದಾಗಿ ಫ್ಲೇರ್ ಹೊಡೆದು, ನೈಟ್ರೋಜನ್ ತುಂಬಿಸಿ ಅರ್ಧ ತಾಸು ಬಿಟ್ಟಾಗ ಗೇಜಿನ ಮುಳ್ಳು ಅಲುಗಾಡಲಿಲ್ಲ. ಮತ್ತೆ ಅರ್ಧ ತಾಸು ವ್ಯಾಕ್ಯೂಮ್ ಪಂಪ್ ಓಡಿಸಿ, ತೂಕದ ಮೇಲಿಟ್ಟು 820 ಗ್ರಾಂ ಆರ್-32 ಗ್ಯಾಸ್ ಹಾಕಿದ ಮೇಲೆ ಹೊರಬರುವ ಗಾಳಿ 18 ಡಿಗ್ರಿಗೆ ಇಳಿಯಿತು. ಫ್ಲೇರ್, ಟೆಸ್ಟ್, ಗ್ಯಾಸ್ ಎಲ್ಲ ಸೇರಿ 3,200, ನೀರು ಹೊಡೆದು ಮಾಡುವ ಸರ್ವಿಸ್‌ಗೆ 700, ಒಟ್ಟು 3,900 ರೂಪಾಯಿ. ಲೀಕ್ ಹುಡುಕದೆ ಗ್ಯಾಸ್ ಮಾತ್ರ ಹಾಕುವವನಿಗೂ ಮೂರು ಸಾವಿರ ಹೋಗುತ್ತಿತ್ತು, ಬರುವ ವರ್ಷ ಮತ್ತೆ ಅಷ್ಟೇ.

ಇನ್ನು ಕಾಗದ. ಅದರಲ್ಲಿ ಎರಡು ತರಹ ಇದ್ದವು. 2,500 ರೂಪಾಯಿಯದು ಬರೀ ಕೆಲಸದ್ದು: ನಾಲ್ಕು ಸರ್ವಿಸ್, ಕೆಟ್ಟಾಗ ಬಂದು ನೋಡುವುದು, ಸಾಮಾನಿನ ದುಡ್ಡು ಬೇರೆ. ಅವರ ಮನೆಯಲ್ಲಿ ಎಸಿ ಓಡುವುದು ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ, ಮಳೆ ಹಿಡಿದರೆ ರಿಮೋಟು ಕಪಾಟು ಸೇರುತ್ತದೆ. ಮೂರು ತಿಂಗಳಿಗೊಂದು ಸರ್ವಿಸ್ ಎಂದರೆ ಸೆಪ್ಟೆಂಬರಿನದೂ ಡಿಸೆಂಬರಿನದೂ ಓಡದ ಮಷಿನ್ನಿಗೆ. ಬೇಸಿಗೆಗೆ ಮುಂಚೆ ಒಂದು ನೀರಿನ ಸರ್ವಿಸ್, ಹದಿನೈದು ದಿನಕ್ಕೊಮ್ಮೆ ಮನೆಯಲ್ಲೇ ಫಿಲ್ಟರ್ ತೊಳೆಯುವುದು, ಇಷ್ಟು ಸಾಕು. ಬಂದು ನೋಡುವ ಚಾರ್ಜು 400 ಇರುವಾಗ, 700ರ ಒಂದು ಸರ್ವಿಸ್‌ಗಿಂತ ಹೆಚ್ಚಿಗೆ ಕೊಟ್ಟ 1,800 ಹುಟ್ಟಬೇಕಾದರೆ ವರ್ಷಕ್ಕೆ ನಾಲ್ಕೈದು ಸಲ ಎಸಿ ಕೆಡಬೇಕು.

6,000 ರೂಪಾಯಿಯದರಲ್ಲಿ ಸಾಮಾನೂ ಸೇರಿತ್ತು. ತೂಗಿ ನೋಡಬೇಕಾದದ್ದು ಇದನ್ನೇ, ಅದೂ ಮುಂದಿನ ಪುಟದಿಂದಲ್ಲ, ಹಿಂದಿನ ಪುಟದ ಸಣ್ಣ ಅಕ್ಷರದಿಂದ. ಕಂಪ್ರೆಸರ್ ಸೇರಿದೆ ಎಂದು ದಪ್ಪಕ್ಷರದಲ್ಲಿತ್ತು. ಆದರೆ ಆ ಎಸಿಯ ಕಂಪ್ರೆಸರಿಗೆ ಕಂಪನಿಯ ಹತ್ತು ವರ್ಷದ ವಾರಂಟಿ ಇನ್ನೂ ಉಳಿದಿದೆ. ಕಂಪ್ರೆಸರ್ ಹೋದರೆ ಅವರ ಕೈಯಿಂದ ಹೋಗುವುದು ಗ್ಯಾಸು ಮತ್ತು ಕೂಲಿ ಮಾತ್ರ. ಕಾಯಿಲ್ ಸೇರಿದೆ ಎಂದಿತ್ತು, ಹಿಂದೆ ‘ತುಕ್ಕಿನಿಂದಾದ ಲೀಕ್ ಹೊರತು’. ಇಷ್ಟು ವರ್ಷದ ಕಾಯಿಲ್ ಲೀಕಾಗುವುದು ಹೆಚ್ಚಾಗಿ ತುಕ್ಕಿನಿಂದಲೇ. ಎಲೆಕ್ಟ್ರಾನಿಕ್ ಬೋರ್ಡೂ ಸೇರಿದೆ, ಹಿಂದೆ ‘ವೋಲ್ಟೇಜ್ ಏರಿಳಿತ, ಸಿಡಿಲು, ಹಲ್ಲಿ-ಇಲಿಯ ಹಾನಿ ಹೊರತು’. ಏಪ್ರಿಲ್-ಮೇನಲ್ಲಿ ಗುಡುಗು ಸಿಡಿಲಿನ ಅಡ್ಡಮಳೆ ಬಂದು ಕರೆಂಟು ಹೋಗಿ ಬರುವಾಗಲೇ ನಮ್ಮ ಕಡೆ ಬೋರ್ಡುಗಳು ಸುಡುವುದು. ಔಟ್‌ಡೋರ್ ಬೋರ್ಡಿನ ಮೇಲೆ ಹಲ್ಲಿ ಸತ್ತು ಶಾರ್ಟ್ ಆಗುವುದೂ ಮಾಮೂಲಿ. ಅಂದರೆ ಆಗುವ ಸಂಭವ ಹೆಚ್ಚಿರುವುದೆಲ್ಲ ಹೊರಗೆ ಉಳಿದಿತ್ತು.

ಒಂದು ವರ್ಷದ ಲೆಕ್ಕ ಮೋಸ ಮಾಡುತ್ತದೆಂದು ಮೂರು ವರ್ಷದ್ದು ಹಾಕಿದೆವು. ಕಾಂಟ್ರ್ಯಾಕ್ಟಿಗೆ 18,000. ಅದಿಲ್ಲದೆ ವರ್ಷಕ್ಕೊಂದು ಸರ್ವಿಸ್‌ನಂತೆ 2,100. ಈ ಮಧ್ಯೆ ಒಂದು ಔಟ್‌ಡೋರ್ ಬೋರ್ಡು 7,000, ಈಗಿನ ಲೀಕ್-ಗ್ಯಾಸ್ ಕೆಲಸ 3,200, ಎರಡು ಸಲ ಬಂದು ನೋಡಿದ್ದು 800 ಎಂದು ಸೇರಿಸಿದರೂ 13,100. ಬೋರ್ಡಿನ ಜೊತೆಗೆ 8,000ದ ಕಾಯಿಲೂ ಹೋದರೆ 21,100 ಆಗಿ ಕಾಂಟ್ರ್ಯಾಕ್ಟ್ ಗೆಲ್ಲುತ್ತದೆ, ಆದರೆ ಆ ಎರಡನ್ನೂ ಅದು ನಿಜಕ್ಕೂ ಕೊಟ್ಟರೆ ಮಾತ್ರ. ಅಕ್ಕಾರು ಫಾರ್ಮು ಮಡಚಿಟ್ಟರು. ಬಿಲ್ಲಿನ ಮೇಲೆ ಗ್ಯಾಸಿನ ತೂಕ, ತಾರೀಖು, ಫ್ಲೇರ್ ಹೊಸದಾಗಿ ಹೊಡೆದದ್ದು ಬರೆಸಿಕೊಂಡರು. ಬರುವ ವರ್ಷ ಯಾರಾದರೂ ‘ಗ್ಯಾಸ್ ಖಾಲಿ’ ಎಂದರೆ ಆ ಚೀಟಿ ತೋರಿಸಿ ಲೀಕ್ ಎಲ್ಲಿದೆ ಎಂದು ಕೇಳಬಹುದು.

“ಹಂಗಾದ್ರ ಮಗನ ಲ್ಯಾಬಿಗೂ ಬ್ಯಾಡೇನು?” ಎಂದು ಕೇಳಿದರು. ಕೇಶ್ವಾಪುರದಲ್ಲಿ ಅವರ ಮಗನ ರಕ್ತ ಪರೀಕ್ಷೆಯ ಲ್ಯಾಬಿದೆ, ಮೂರು ಎಸಿ, ವರ್ಷವಿಡೀ ಬೆಳಗಿನಿಂದ ರಾತ್ರಿಯವರೆಗೆ. ಅಲ್ಲಿ ತೊಗೊಳ್ಳಬೇಕು ಎಂದೆ. ನಾಲ್ಕು ಸರ್ವಿಸೂ ಅಲ್ಲಿ ಉಪಯೋಗಕ್ಕೆ ಬರುತ್ತವೆ, ಕೋಣೆ ಕಾದರೆ ರಕ್ತ ಪರೀಕ್ಷೆಯ ಮಷಿನ್ ನಿಲ್ಲಿಸಬೇಕಾಗುತ್ತದೆ, ಏಪ್ರಿಲ್‌ನಲ್ಲಿ ಫೋನ್ ಮಾಡಿದರೆ ನಾಲ್ಕು ದಿನ ಯಾರೂ ಸಿಗುವುದಿಲ್ಲ. ಅಲ್ಲಿ ದುಡ್ಡು ಕೊಡುವುದು ಸಾಮಾನಿಗಿಂತ ಹೆಚ್ಚಾಗಿ ಬೇಗ ಬರುವುದಕ್ಕೆ. ಆದರೆ ಆ ಫಾರ್ಮಿನಲ್ಲಿ ಎಷ್ಟು ತಾಸಿನಲ್ಲಿ ಬರುತ್ತಾರೆ ಎಂಬ ಮಾತೇ ಇರಲಿಲ್ಲ. ಇಪ್ಪತ್ನಾಲ್ಕು ತಾಸಿನೊಳಗೆ ಬರಬೇಕು, ಗ್ಯಾಸ್ ಹಾಕುವ ಮುಂಚೆ ಲೀಕ್ ಹುಡುಕಿ ಮುಚ್ಚಬೇಕು, ಸ್ಟೆಬಿಲೈಸರ್ ಹಾಕಿದ್ದರೆ ಬೋರ್ಡಿಗೆ ವೋಲ್ಟೇಜಿನ ನೆಪ ಹೇಳಬಾರದು. ಈ ಮೂರು ಸಾಲು ಕೈಬರಹದಲ್ಲಿ ಬರೆಸಿ, ಸಹಿ-ಸಿಕ್ಕಾ ಹಾಕಿಸಿಕೊಂಡ ಮೇಲೆ ಚೆಕ್ ಕೊಡಲು ಹೇಳ್ರಿ ಎಂದೆ.